ಕೈಗೆ ತಾಗದ ಚೆಂಡಿನ ಲೆಕ್ಕ

ಕ್ರಿಕೆಟ್ ಆಟಗಾರರನ್ನು ಅಳೆಯುವ ಪಟ್ಟಿಗೆ ಹೊಸ ಅಂಕಿಯೊಂದು ಬಂದು ಸೇರುತ್ತಿದೆ. ದಾಂಡಿಗನಿಗೆ ಸರಾಸರಿ ಇತ್ತು, ಬೌಲರ್‌ಗೆ ವಿಕೆಟ್ ಇತ್ತು. ಫೀಲ್ಡರ್‌ಗೆ ಮಾತ್ರ ಹಿಡಿದ ಕ್ಯಾಚುಗಳ ಎಣಿಕೆ ಬಿಟ್ಟರೆ ಬೇರೆ ಲೆಕ್ಕವಿರಲಿಲ್ಲ. ಈಗ ಅವನಿಗೂ ‘ಉಳಿಸಿದ ರನ್’ ಎಂಬ ಲೆಕ್ಕ ಬಂದಿದೆ. ಕ್ಯಾಚ್ ಎಷ್ಟು ಕಷ್ಟದ್ದು ಎಂದು ತೂಗಿ, ಹಿಡಿದರೆ ಜಮೆ, ಬಿಟ್ಟರೆ ಖರ್ಚು ಎಂದು ಬರೆದು, ಕೊನೆಗೆ ಒಬ್ಬ ಆಟಗಾರ ತಂಡಕ್ಕೆ ಇಷ್ಟು ರನ್ ಉಳಿಸಿದ ಎಂದು ಹೇಳುವ ಲೆಕ್ಕ ಇದು. ಕ್ರಿಕ್‌ವಿಜ್‌ನಂಥ ವಿಶ್ಲೇಷಣಾ ಸಂಸ್ಥೆಗಳು ದೊಡ್ಡ ಪಂದ್ಯಗಳಲ್ಲಿ ಇದನ್ನು ಆಗಲೇ ಬಳಸಿವೆ. ಅಲ್ಲಿಂದ ಅದು ರಾಜ್ಯ ತಂಡಕ್ಕೆ, ವಲಯ ಮಟ್ಟಕ್ಕೆ, ಕೊನೆಗೆ ಊರಿನ ಹುಡುಗರ ಆಯ್ಕೆಗೆ ಇಳಿದು ಬರುವುದು ಹೆಚ್ಚು ದೂರವಿಲ್ಲ. ಅದು ಬರುವ ಮೊದಲೇ ಒಂದು ಮಾತು ಹೇಳಬೇಕಾಗಿದೆ. ಕೆಳಹಂತಕ್ಕೆ ಸುಲಭವಾಗಿ ತಲುಪಬಲ್ಲ ರೂಪದಲ್ಲೇ ಈ ಲೆಕ್ಕ ಬಂದರೆ, ನಿಂತಲ್ಲೇ ನಿಲ್ಲುವ ಫೀಲ್ಡರ್‌ಗೆ ಬಹುಮಾನ ಸಿಗುತ್ತದೆ, ಓಡುವ ಫೀಲ್ಡರ್‌ಗೆ ದಂಡ ಬೀಳುತ್ತದೆ.

ನಂದೊಳ್ಳಿಯಿಂದ ಈ ಮಾತು ಹೇಳುವುದಕ್ಕೆ ಕಾರಣವಿದೆ. ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯೇ ಮೈದಾನವಾಗುವ ಸೀಮೆ ನಮ್ಮದು. ಯಲ್ಲಾಪುರ, ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಟೆನಿಸ್ ಚೆಂಡಿನಲ್ಲಿ ಆಡಿ ಬೆಳೆದ ಹುಡುಗನಿಗೆ ನೆಟ್ಸ್ ಇಲ್ಲ, ಬೌಲಿಂಗ್ ಯಂತ್ರ ಇಲ್ಲ, ಲೆದರ್ ಚೆಂಡಿನ ಪರಿಚಯವೇ ತಡವಾಗಿ ಆಗುತ್ತದೆ. ಹುಬ್ಬಳ್ಳಿಗೆ ಆಯ್ಕೆಗೆಂದು ಹೋದಾಗ ಅಕಾಡೆಮಿಯ ಹುಡುಗರ ಮುಂದೆ ಬ್ಯಾಟಿಂಗ್‌ನಲ್ಲಿ ಅವನು ಹಿಂದೆ ಬೀಳಬಹುದು. ಆದರೆ ಗದ್ದೆಯ ಹಾಳಿಯನ್ನು ಹಾರಿ, ಕೂಳೆಯ ಮೇಲೆ ಓಡಿ, ತೋಟದ ಅಂಚಿನಲ್ಲಿ ಚೆಂಡು ಹಿಡಿದು ಕಲಿತ ಕಾಲು ಅವನದು. ಅವನ ಬಂಡವಾಳ ಓಟ. ಆ ಓಟವನ್ನೇ ತಪ್ಪಾಗಿ ಅಳೆಯುವ ಅಳತೆಗೋಲು ಮೊದಲು ಹೊಡೆಯುವುದು ಅವನನ್ನೇ.

ಹಳೆಯ ಎಣಿಕೆಯಲ್ಲಿ ಏನು ಕೊರತೆಯಿತ್ತು ಎಂಬುದನ್ನು ಮೊದಲು ನೋಡಬೇಕು. ರಾಹುಲ್ ದ್ರಾವಿಡ್ 164 ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದರು. ವಿಕೆಟ್ ಕೀಪರ್ ಅಲ್ಲದವರ ಪೈಕಿ ಅದೇ ದಾಖಲೆಯಾಗಿ ಉಳಿದಿತ್ತು. 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಜೋ ರೂಟ್ ಅದನ್ನು ದಾಟಿದರು. ಆ 210ರಲ್ಲಿ 55 ಅನಿಲ್ ಕುಂಬ್ಳೆ ಅವರ ಬೌಲಿಂಗ್‌ನಲ್ಲಿ ಬಂದವು. ಕುಂಬ್ಳೆಗೆ ಸ್ಲಿಪ್‌ನಲ್ಲಿ ನಿಂತವನಿಗೂ ವೇಗಿಗೆ ಸ್ಲಿಪ್‌ನಲ್ಲಿ ನಿಂತವನಿಗೂ ಕೆಲಸ ಬೇರೆ. ವೇಗಿಯ ಚೆಂಡು ಅಂಚು ತಾಗಿ ಗಂಟೆಗೆ ಸುಮಾರು 108 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 30 ಮೀಟರ್‌ನಂತೆ ಬಂತು ಎನ್ನಿ. ಫೀಲ್ಡರ್ 15 ಮೀಟರ್ ಹಿಂದೆ ಇದ್ದರೆ ಅವನಿಗೆ ಸಿಗುವುದು ಅರ್ಧ ಸೆಕೆಂಡು. ಸ್ಪಿನ್ನರ್‌ನ ಚೆಂಡು ನಿಧಾನ, ಆದರೆ ಸ್ಲಿಪ್ ನಿಂತಿರುವುದು ಮೂರ್ನಾಲ್ಕು ಮೀಟರ್ ದೂರದಲ್ಲಿ. ಸೆಕೆಂಡಿಗೆ 20 ಮೀಟರ್‌ನಂತೆ ಬಂದರೂ ಐದನೇ ಒಂದು ಸೆಕೆಂಡಿನೊಳಗೆ ಎಲ್ಲ ಮುಗಿದಿರುತ್ತದೆ. ಕಣ್ಣು ಕಂಡದ್ದಕ್ಕೆ ಕೈ ಓಗೊಡಲು ಮನುಷ್ಯನಿಗೆ ಬೇಕಾಗುವ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಚೆಂಡು ಅಂಚು ತಾಗುವ ಮೊದಲೇ ಕೈ ಸರಿಯಾದ ಜಾಗದಲ್ಲಿ ಇರದಿದ್ದರೆ ಆ ಕ್ಯಾಚ್ ಇಲ್ಲ. 210 ಎಂಬ ಎಣಿಕೆ ಈ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುತ್ತದೆ. ಒಟ್ಟು ಎಷ್ಟು ಬಂದಿದ್ದವು, ಎಷ್ಟು ಬಿಟ್ಟುಹೋದವು ಎಂದೂ ಹೇಳುವುದಿಲ್ಲ. ಕಷ್ಟವನ್ನು ತೂಗುವ ಲೆಕ್ಕ ಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ.

ಎಣಿಕೆ ಸಾಲದು ಎಂದು ಕಂಡಾಗ ಪತ್ರಿಕೆಗಳೂ ಪ್ರೇಕ್ಷಕರೂ ಹಿಡಿದ ದಾರಿ ಇನ್ನೊಂದಿದೆ: ಜೀವದಾನ ಪಡೆದವನು ಆಮೇಲೆ ಹೊಡೆದ ರನ್ನನ್ನೆಲ್ಲ ಕ್ಯಾಚ್ ಬಿಟ್ಟವನ ತಲೆಗೆ ಕಟ್ಟುವುದು. 2025ರ ಜೂನ್‌ನಲ್ಲಿ ಹೆಡಿಂಗ್ಲೆಯಲ್ಲಿ ಇಂಗ್ಲೆಂಡ್ ವಿರುದ್ಧ ಭಾರತ ಆಡಿದ ಮೊದಲ ಟೆಸ್ಟ್ ಇದಕ್ಕೆ ತಕ್ಕ ಉದಾಹರಣೆ. ನಮ್ಮ ಕೆ.ಎಲ್. ರಾಹುಲ್, ಕರುಣ್ ನಾಯರ್, ಪ್ರಸಿದ್ಧ ಕೃಷ್ಣ ಮೂವರೂ ಆ ತಂಡದಲ್ಲಿದ್ದರು. ಭಾರತ ಸಾಲು ಸಾಲು ಕ್ಯಾಚ್ ಕೈಚೆಲ್ಲಿತು. ಗೆಲುವಿಗೆ ಬೇಕಿದ್ದ 371 ರನ್ನನ್ನು ಇಂಗ್ಲೆಂಡ್ ಐದು ವಿಕೆಟ್ ಉಳಿಸಿಕೊಂಡು ಹೊಡೆಯಿತು. ಮೊದಲ ಇನಿಂಗ್ಸ್‌ನಲ್ಲಿ ಆಲಿ ಪೋಪ್ 60ರಲ್ಲಿದ್ದಾಗ ಬುಮ್ರಾ ಚೆಂಡಿನಲ್ಲಿ ಕ್ಯಾಚ್ ಕೈತಪ್ಪಿತು, ಅವರು 106 ಹೊಡೆದರು. ಹ್ಯಾರಿ ಬ್ರೂಕ್ 80 ದಾಟಿದ ಮೇಲೆ ಮತ್ತೆ ಬುಮ್ರಾ ಚೆಂಡಿನಲ್ಲೇ ಕ್ಯಾಚ್ ಕೊಟ್ಟರು, ಅದೂ ಕೈಯಲ್ಲಿ ನಿಲ್ಲಲಿಲ್ಲ. ಬ್ರೂಕ್ ಅವರನ್ನು 99ಕ್ಕೆ ಪ್ರಸಿದ್ಧ ಔಟ್ ಮಾಡಿದರು. ಎರಡನೇ ಇನಿಂಗ್ಸ್‌ನಲ್ಲಿ ಬೆನ್ ಡಕೆಟ್ 97ರಲ್ಲಿದ್ದಾಗ ಸಿರಾಜ್ ಚೆಂಡನ್ನು ಎತ್ತಿ ಹೊಡೆದರು, ಬೌಂಡರಿ ಗೆರೆಯ ಬಳಿ ಓಡಿಬಂದ ಯಶಸ್ವಿ ಜೈಸ್ವಾಲ್ ಕೈಗೆ ಬಂದದ್ದು ನಿಲ್ಲಲಿಲ್ಲ. ಡಕೆಟ್ 149ರವರೆಗೆ ಹೋದರು.

ಹಾಗೆ ತಲೆಗೆ ಕಟ್ಟುವ ಲೆಕ್ಕದಲ್ಲಿ ಪೋಪ್ ಕ್ಯಾಚಿನ ಬೆಲೆ 46 ರನ್, ಡಕೆಟ್ ಕ್ಯಾಚಿನ ಬೆಲೆ 52, ಬ್ರೂಕ್ ಕ್ಯಾಚಿನ ಬೆಲೆ ಇಪ್ಪತ್ತಕ್ಕೂ ಕಡಿಮೆ. ಬ್ರೂಕ್ ಕ್ಯಾಚ್ ಬಿಟ್ಟದ್ದು ಸಣ್ಣ ತಪ್ಪೇ? ಬೇಗ ಔಟ್ ಮಾಡಿದ್ದು ಪ್ರಸಿದ್ಧ. ಅವರ ಶ್ರಮದಿಂದ ಬೇರೆಯವನ ಖರ್ಚು ಇಳಿಯಿತು. ಇನ್ನೂ ಒಂದು ತೊಡಕಿದೆ. ಪೋಪ್ 60ಕ್ಕೆ ಔಟಾಗಿದ್ದರೆ ಇಂಗ್ಲೆಂಡ್‌ನ ಇನಿಂಗ್ಸ್ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಮುಂದಿನ ದಾಂಡಿಗ ಬಂದು ಅವನ ಪಾಲಿನ ರನ್ ಹೊಡೆಯುತ್ತಿದ್ದ. ಹೋದದ್ದು ಪೋಪ್ ಹೊಡೆದ 46 ಅಲ್ಲ. ಒಂದು ವಿಕೆಟ್ ಕಡಿಮೆಯಿದ್ದ ಇಂಗ್ಲೆಂಡ್ ಎಷ್ಟು ಹೊಡೆಯಬಹುದಿತ್ತೋ, ವಿಕೆಟ್ ಉಳಿದ ಇಂಗ್ಲೆಂಡ್ ಎಷ್ಟು ಹೊಡೆಯಬಹುದಿತ್ತೋ, ಆ ಎರಡರ ನಡುವಿನ ಅಂತರ. ಟೆಸ್ಟ್‌ನಲ್ಲಿ ಮೇಲಿನ ಕ್ರಮಾಂಕದ ವಿಕೆಟ್‌ಗೆ ಅದನ್ನು ಸುಮಾರು 30 ರನ್ ಎಂದು ಹಿಡಿಯಬಹುದು. ಟಿ20ಯಲ್ಲಿ ಓವರೇ ಕಡಿಮೆ, ಉಳಿದ ದಾಂಡಿಗರು ಹೇಗೂ ಇದ್ದಾರೆ; ಅಲ್ಲಿ ಒಂದು ವಿಕೆಟ್‌ನ ಬೆಲೆ ಹತ್ತರ ಒಳಗೇ. ಮುಂದಿನ ಲೆಕ್ಕಕ್ಕೆ 7 ಎಂದು ಇಟ್ಟುಕೊಳ್ಳೋಣ.

ಈಗ ಕಷ್ಟದ ತೂಕ. ಪೋಪ್ ಕೊಟ್ಟಂಥ ಕ್ಯಾಚ್ ಹತ್ತರಲ್ಲಿ ಏಳು ಸಲ ಹಿಡಿಯುವಂಥದ್ದು ಎಂದು ಇಟ್ಟುಕೊಳ್ಳಿ. ಬಿಟ್ಟವನ ಖಾತೆಯಲ್ಲಿ ಒಂದರ ಬದಲು 0.7 ವಿಕೆಟ್ ಖರ್ಚು, ರನ್ನಿನಲ್ಲಿ 21. ಅದೇ ಕ್ಯಾಚನ್ನು ಹಿಡಿದಿದ್ದರೆ ಜಮೆ 0.3 ವಿಕೆಟ್, ಅಂದರೆ 9 ರನ್. ಹತ್ತರಲ್ಲಿ ಎರಡು ಸಲ ಮಾತ್ರ ಕೈಸೇರುವ ಕ್ಯಾಚ್ ಬಿಟ್ಟರೆ ಖರ್ಚು 6 ರನ್, ಹಿಡಿದರೆ ಜಮೆ 24. ದಾಂಡಿಗ ಆಮೇಲೆ ಒಂದು ರನ್ ಹೊಡೆಯಲಿ, ನೂರು ಹೊಡೆಯಲಿ, ಫೀಲ್ಡರ್‌ನ ಖಾತೆ ಬದಲಾಗುವುದಿಲ್ಲ. ಇದು ನ್ಯಾಯವಾದ ಲೆಕ್ಕ. ಆದರೆ ಇಡೀ ಲೆಕ್ಕ ನಿಂತಿರುವುದು ‘ಹತ್ತರಲ್ಲಿ ಏಳು’ ಎಂಬ ಒಂದು ಅಂಕಿಯ ಮೇಲೆ. ಅದನ್ನು ಯಾರು, ಯಾವಾಗ, ಏನನ್ನು ನೋಡಿ ಬರೆದರು?

ಸರಿಯಾಗಿ ಬರೆಯುವ ಕ್ರಮ ಹೀಗೆ. ಚೆಂಡು ಬ್ಯಾಟು ಬಿಟ್ಟ ಗಳಿಗೆಯಿಂದ ನೆಲಕ್ಕೆ ಬೀಳುವವರೆಗೆ ಎಷ್ಟು ಹೊತ್ತು ಗಾಳಿಯಲ್ಲಿತ್ತು, ಆ ಗಳಿಗೆಯಲ್ಲಿ ಫೀಲ್ಡರ್ ಎಲ್ಲಿ ನಿಂತಿದ್ದ, ಬೀಳುವ ಜಾಗ ಅವನಿಂದ ಎಷ್ಟು ದೂರ, ಮುಂದಕ್ಕೋ ಪಕ್ಕಕ್ಕೋ ಬೆನ್ನು ತಿರುಗಿಸಿ ಹಿಂದಕ್ಕೋ, ಇಷ್ಟು ಬೇಕು. ಡೀಪ್ ಮಿಡ್‌ವಿಕೆಟ್ ಕಡೆಗೆ ಎತ್ತಿದ ಚೆಂಡೊಂದು 3.6 ಸೆಕೆಂಡು ಗಾಳಿಯಲ್ಲಿತ್ತು ಎನ್ನಿ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಅದು ಏರಿದ್ದು ಸುಮಾರು 16 ಮೀಟರ್, ಬೆಳೆದ ಅಡಿಕೆ ಮರದಷ್ಟು ಎತ್ತರ. ಫೀಲ್ಡರ್ ಅದರ ದಾರಿ ಅಂದಾಜಿಸಿ ಕಾಲು ಎತ್ತಲು ಅರ್ಧ ಸೆಕೆಂಡು ಹೋಯಿತು, ಉಳಿದದ್ದು 3.1 ಸೆಕೆಂಡು. ಓಡಬೇಕಾದದ್ದು 18 ಮೀಟರ್. ಸೆಕೆಂಡಿಗೆ 5.8 ಮೀಟರ್ ವೇಗ ಬೇಕು, ಅದೂ ನಿಂತಲ್ಲಿಂದ ಹೊರಟು, ಕಣ್ಣು ಮೇಲೆ ನೆಟ್ಟು. ಇಂಥವೇ ಸಾವಿರಾರು ಚೆಂಡುಗಳನ್ನು ಒಟ್ಟುಹಾಕಿ, ಅವುಗಳಲ್ಲಿ ಎಷ್ಟು ಕ್ಯಾಚ್ ಆದವು ಎಂದು ನೋಡಿದರೆ ಆ ಚೆಂಡಿನ ಕಷ್ಟ ತಿಳಿಯುತ್ತದೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನವರು 2015ರಲ್ಲಿ ತಮ್ಮ ಎಲ್ಲ ಮೈದಾನಗಳಲ್ಲಿ ಸ್ಟ್ಯಾಟ್‌ಕ್ಯಾಸ್ಟ್ ಎಂಬ ವ್ಯವಸ್ಥೆ ಇಟ್ಟರು; ಅದರಿಂದ ಹೊರ ಆವರಣದ ಫೀಲ್ಡರ್‌ಗಳನ್ನು ಹೀಗೇ ಅಳೆಯುತ್ತಿದ್ದಾರೆ. ಅಲ್ಲಿ ಫೀಲ್ಡರ್ ನಿಂತ ಜಾಗವೂ ದಾಖಲಾಗುವುದರಿಂದ, ಅವನ ಕೈ ಚೆಂಡಿಗೆ ತಾಗಲಿ ಬಿಡಲಿ, ಅವನಿಗೆ ಬಂದ ಪ್ರತಿ ಚೆಂಡೂ ಲೆಕ್ಕಕ್ಕೆ ಸೇರುತ್ತದೆ.

ಕ್ರಿಕೆಟ್‌ನಲ್ಲಿ ಹಾಗಲ್ಲ. ನಾವು ಟಿವಿಯಲ್ಲಿ ನೋಡುವ ಬಾಲ್ ಟ್ರ್ಯಾಕಿಂಗ್ ಮುಖ್ಯವಾಗಿ ಹಿಂಬಾಲಿಸುವುದು ಬೌಲರ್‌ನ ಕೈಯಿಂದ ಬ್ಯಾಟಿನವರೆಗಿನ ದಾರಿಯನ್ನು. 2001ರಲ್ಲಿ ಹಾಕ್‌ಐ ಮೊದಲು ಟಿವಿಗೆ ಬಂದಾಗಿನಿಂದ ಅದರ ಕ್ಯಾಮೆರಾಗಳ ಗಮನ ಪಿಚ್ಚಿನ ಮೇಲೆಯೇ. ಎಲ್‌ಬಿಡಬ್ಲ್ಯುಗೆ ಅಷ್ಟು ಸಾಕು. ಆ ಮಾಹಿತಿಯಿಂದ ಫೀಲ್ಡಿಂಗ್‌ಗೂ ಸ್ವಲ್ಪ ಸಹಾಯವಿದೆ: ಚೆಂಡು ಎಷ್ಟು ವೇಗದಲ್ಲಿ ಬ್ಯಾಟಿಗೆ ಬಂತು, ಎಷ್ಟು ಎದ್ದಿತ್ತು, ಎಷ್ಟು ತಿರುಗಿತ್ತು ಎಂದು ಗೊತ್ತಾದರೆ ಸ್ಲಿಪ್ ಕ್ಯಾಚಿನ ಕಷ್ಟವನ್ನು ಅಂದಾಜಿಸಬಹುದು. ಆದರೆ ಬ್ಯಾಟು ಬಿಟ್ಟ ಚೆಂಡಿನ ಹಾದಿಯೂ ಹನ್ನೊಂದು ಮಂದಿ ನಿಂತ ಜಾಗವೂ ಬೇಕೆಂದರೆ ಇಡೀ ಮೈದಾನವನ್ನು ಕಾಣುವ ಬೇರೆ ಕ್ಯಾಮೆರಾ ಬೇಕು. ಅದಿಲ್ಲದ ಕಡೆ ಒಬ್ಬ ಮನುಷ್ಯ ವಿಡಿಯೊ ನೋಡಿ ‘ಸುಲಭ’, ‘ಸಾಧಾರಣ’, ‘ಕಷ್ಟ’ ಎಂದು ಬರೆಯುತ್ತಾನೆ. ಫಲಿತಾಂಶ ಗೊತ್ತಾದ ಮೇಲೆ ಬರೆಯುತ್ತಾನೆ. ನೆಲಕ್ಕೆ ಬಿದ್ದ ಚೆಂಡು ಹಿಡಿಯಬಹುದಾಗಿತ್ತು ಎಂದು ಕಾಣುವುದೂ, ಹಾರಿ ಹಿಡಿದದ್ದು ಅಸಾಧ್ಯವಾಗಿತ್ತು ಎಂದು ಕಾಣುವುದೂ ಸಹಜ. ಇದಕ್ಕಿಂತ ದೊಡ್ಡ ದೋಷವೆಂದರೆ, ಅವನು ಬರೆಯುವುದು ‘ಅವಕಾಶ’ಗಳನ್ನು ಮಾತ್ರ. ಅವಕಾಶ ಎಂದರೆ ಸಾಮಾನ್ಯವಾಗಿ ಫೀಲ್ಡರ್‌ನ ಕೈಗೆ ತಾಗಿದ ಚೆಂಡು.

ಇದರಿಂದ ಏನಾಗುತ್ತದೆ ಎಂದು ಒಂದು ಲೆಕ್ಕದಲ್ಲಿ ತೋರಿಸುತ್ತೇವೆ. ಇಬ್ಬರು ಫೀಲ್ಡರ್‌ಗಳು, ಇಬ್ಬರೂ ಡೀಪ್ ಮಿಡ್‌ವಿಕೆಟ್. ಇಬ್ಬರಿಗೂ ಒಂದು ಋತುವಿನಲ್ಲಿ ಒಂದೇ ತರಹದ ಹತ್ತು ಚೆಂಡು ಬಂದವು. ಆರು ಸುಲಭ, ನೂರಕ್ಕೆ 95 ಸಲ ಹಿಡಿಯುವಂಥವು. ನಾಲ್ಕು ಕಷ್ಟದ್ದು, ನೂರಕ್ಕೆ 25 ಸಲ ಮಾತ್ರ. ಮೊದಲನೆಯವನು ನಿಧಾನಿ. ಸುಲಭದ ಆರನ್ನೂ ಹಿಡಿದ. ಕಷ್ಟದ ನಾಲ್ಕರತ್ತ ನಾಲ್ಕು ಹೆಜ್ಜೆ ಹಾಕಿ, ಪುಟಿದು ಬಂದ ಮೇಲೆ ಎತ್ತಿ ಎಸೆದ. ಎರಡನೆಯವನು ಓಟಗಾರ. ಸುಲಭದ ಆರನ್ನೂ ಹಿಡಿದ. ಕಷ್ಟದ ನಾಲ್ಕಕ್ಕೂ ಓಡಿ ಬೆರಳು ತಾಗಿಸಿದ, ಒಂದನ್ನು ಹಿಡಿದ, ಮೂರು ಜಾರಿದವು.

ಸ್ಕೋರ್ ಪುಸ್ತಕದ ಪ್ರಕಾರ ಮೊದಲನೆಯವನು ಆರಕ್ಕೆ ಆರು, ಎರಡನೆಯವನು ಹತ್ತಕ್ಕೆ ಏಳು. ಮೂರು ಕ್ಯಾಚ್ ಬಿಟ್ಟವನು ಎಂದು ಆಯ್ಕೆಗಾರರ ನೆನಪಿನಲ್ಲಿ ಉಳಿಯುವವನು ಎರಡನೆಯವನೇ. ಕಷ್ಟ ತೂಗುವ ಲೆಕ್ಕ ಇದನ್ನು ಸರಿಪಡಿಸಬೇಕಿತ್ತು. ಸರಿಪಡಿಸುತ್ತದೆಯೇ ನೋಡಿ. ಅವಕಾಶಗಳನ್ನು ಮಾತ್ರ ಬರೆಯುವ ಪುಸ್ತಕದಲ್ಲಿ ಕಷ್ಟದ ಚೆಂಡಿನ ತೂಕವೇ ತಪ್ಪಾಗಿರುತ್ತದೆ. ಇಡೀ ಲೀಗಿನಲ್ಲಿ ಅಂಥ ಕಷ್ಟದ ಚೆಂಡು 40 ಬಂದು, 20ಕ್ಕೆ ಮಾತ್ರ ಯಾರದೋ ಕೈ ತಾಗಿ, 10 ಕ್ಯಾಚ್ ಆದವು ಎನ್ನಿ. ನಿಜವಾದ ಪ್ರಮಾಣ 40ಕ್ಕೆ 10, ಅಂದರೆ ನೂರಕ್ಕೆ 25. ಪುಸ್ತಕಕ್ಕೆ ಕಾಣುವುದು 20ಕ್ಕೆ 10, ಅಂದರೆ ನೂರಕ್ಕೆ 50. ಹೀಗಾಗಿ ಪುಸ್ತಕದ ಪ್ರಕಾರ ಓಟಗಾರನಿಂದ ನಿರೀಕ್ಷೆ ಸುಲಭದ್ದರಲ್ಲಿ 5.7, ಕಷ್ಟದ್ದರಲ್ಲಿ 2, ಒಟ್ಟು 7.7. ಅವನು ಹಿಡಿದದ್ದು 7. ಖಾತೆ 0.7 ಕ್ಯಾಚ್ ಖರ್ಚಿನಲ್ಲಿದೆ. ನಿಧಾನಿಯಿಂದ ನಿರೀಕ್ಷೆ 5.7, ಹಿಡಿದದ್ದು 6, ಖಾತೆ 0.3 ಜಮೆಯಲ್ಲಿದೆ.

ಇಡೀ ಮೈದಾನದ ಮಾಹಿತಿ ಇದ್ದಿದ್ದರೆ ಇಬ್ಬರಿಂದಲೂ ನಿರೀಕ್ಷೆ 5.7 ಮತ್ತು 1 ಸೇರಿ 6.7. ನಿಧಾನಿ 6 ಹಿಡಿದು 0.7 ಖರ್ಚಿನಲ್ಲಿರುತ್ತಿದ್ದ; ಓಟಗಾರ 7 ಹಿಡಿದು 0.3 ಜಮೆಯಲ್ಲಿರುತ್ತಿದ್ದ. ಅಂಕಿಗಳು ಅವೇ, ಹೆಸರುಗಳು ಅದಲುಬದಲು. ಟಿ20ಯ ವಿಕೆಟ್ ಬೆಲೆ 7 ಎಂದು ಹಿಡಿದರೆ, ನಿಜದಲ್ಲಿ ಓಟಗಾರ ನಿಧಾನಿಗಿಂತ 7 ರನ್ ಮುಂದಿದ್ದಾನೆ. ಪುಸ್ತಕದಲ್ಲಿ 7 ರನ್ ಹಿಂದೆ. ಓಟಗಾರ ಜಿಗಿದು ತಪ್ಪಿದ ಒಂದು ಚೆಂಡು ಅವನನ್ನು ದಾಟಿ ಬೌಂಡರಿಗೆ ಹೋಯಿತು, ನಿಧಾನಿ ಅದನ್ನು ಒಂದು ರನ್ನಿಗೆ ತಡೆಯುತ್ತಿದ್ದ ಎಂದು ಮೂರು ರನ್ ಕಳೆದರೂ ಓಟಗಾರ ನಾಲ್ಕು ರನ್ ಮುಂದೆಯೇ. ನಮ್ಮ ಎಚ್ಚರಿಕೆಯ ತಿರುಳು ಇದೇ. ಅರೆಬರೆ ಮಾಹಿತಿಯ ಮೇಲೆ ಕಷ್ಟದ ತೂಕ ಕಟ್ಟಿದರೆ ಹಳೆಯ ಎಣಿಕೆಯ ಅನ್ಯಾಯ ಹೋಗುವುದಿಲ್ಲ. ದಶಮಾಂಶ ಹಚ್ಚಿಕೊಂಡು, ವಿಜ್ಞಾನದ ಹೆಸರಿನಲ್ಲಿ ಗಟ್ಟಿಯಾಗುತ್ತದೆ.

ಈ ದೋಷ ಪತ್ತೆಮಾಡಲು ಗಣಿತಜ್ಞರು ಬೇಕಿಲ್ಲ. ಲೆಕ್ಕ ಕೊಟ್ಟವರನ್ನು ಒಂದು ಪ್ರಶ್ನೆ ಕೇಳಿ: ಯಾರ ಕೈಗೂ ತಾಗದೆ ಬಿದ್ದ ಎತ್ತಿದ ಚೆಂಡುಗಳು ನಿಮ್ಮ ಪಟ್ಟಿಯಲ್ಲಿ ಎಷ್ಟಿವೆ? ಒಂದೂ ಇಲ್ಲ ಎಂದರೆ ಆ ಅಂಕಿಯನ್ನು ಆಯ್ಕೆಯ ಕೋಣೆಯೊಳಗೆ ಬಿಡಬಾರದು. ಇನ್ನೊಂದು ಗುರುತೂ ಇದೆ. ತಂಡದಲ್ಲಿ ಎಲ್ಲರೂ ಅತಿ ಚುರುಕು ಎಂದು ಒಪ್ಪುವ ಹುಡುಗನೇ ಕ್ಯಾಚ್ ಬಿಟ್ಟವರ ಪಟ್ಟಿಯ ತಲೆಯಲ್ಲಿದ್ದರೆ, ತಪ್ಪು ಹುಡುಗನ ಕೈಯಲ್ಲಿದೆಯೋ ಪಟ್ಟಿಯಲ್ಲಿದೆಯೋ ಎಂದು ಮೊದಲು ಪಟ್ಟಿಯನ್ನೇ ಬಿಚ್ಚಿ ನೋಡಬೇಕು.

ಯಂತ್ರದ ಲೆಕ್ಕವನ್ನು ಪರೀಕ್ಷಿಸದೆ ಒಪ್ಪದ ದಾರಿ ನಮ್ಮ ರಾಜ್ಯದವರಿಗೆ ಹೊಸದಲ್ಲ. ಅಂಪೈರ್ ತೀರ್ಪು ಮರುಪರಿಶೀಲಿಸುವ ಡಿಆರ್‌ಎಸ್ ಟೆಸ್ಟ್ ಕ್ರಿಕೆಟ್‌ನಲ್ಲಿ ಮೊದಲು ಪ್ರಯೋಗಕ್ಕೆ ಬಂದದ್ದು 2008ರ ಶ್ರೀಲಂಕಾ ಪ್ರವಾಸದಲ್ಲಿ. ಆಗ ಭಾರತದ ನಾಯಕ ಕುಂಬ್ಳೆ. ಭಾರತಕ್ಕೆ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ, ವರ್ಷಗಳ ಕಾಲ ದೂರವೇ ಇಟ್ಟಿತು. ಮುಂದೆ ಕುಂಬ್ಳೆ ಐಸಿಸಿಯ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿದ್ದಾಗ ಅಮೆರಿಕದ ಎಂಐಟಿಯ ಎಂಜಿನಿಯರುಗಳಿಂದ ಆ ತಂತ್ರಜ್ಞಾನದ ಪರೀಕ್ಷೆ ನಡೆಯಿತು. ಆಮೇಲೆ, 2016ರ ಇಂಗ್ಲೆಂಡ್ ಸರಣಿಯಲ್ಲಿ, ಭಾರತ ಅದನ್ನು ಪ್ರಯೋಗಕ್ಕೆ ಒಪ್ಪಿಕೊಂಡಿತು. ಒಪ್ಪಿದ ಮೇಲೂ ‘ಅಂಪೈರ್ಸ್ ಕಾಲ್’ ಎಂಬ ಅಂಚು ಉಳಿದಿದೆ: ಚೆಂಡು ಸ್ಟಂಪಿನ ಅಂಚನ್ನು ಮಾತ್ರ ತಾಗುವಂತಿದ್ದರೆ ಯಂತ್ರ ತನ್ನ ಮಾತೇ ಕೊನೆ ಎನ್ನುವುದಿಲ್ಲ, ಅಂಪೈರ್ ಹೇಳಿದ್ದೇ ನಿಲ್ಲುತ್ತದೆ. ಎರಡು ಮೀಟರ್ ಮುಂದೆ ಚೆಂಡು ಎಲ್ಲಿ ಹೋಗುತ್ತದೆ ಎಂದು ಹೇಳಲು ಇಷ್ಟು ಎಚ್ಚರ ವಹಿಸಿದ ಆಟ, ಒಬ್ಬ ಹುಡುಗನ ಇಡೀ ಋತುವಿನ ಫೀಲ್ಡಿಂಗ್‌ಗೆ ಒಂದೇ ಅಂಕಿ ಕೊಡುವಾಗ ಅದಕ್ಕೊಂದು ಅಂಚನ್ನೂ ಇಡದಿರುವುದು ಸರಿಯಲ್ಲ.

ಆ ಅಂಚು ಎಷ್ಟು ಅಗಲವಿರಬೇಕು? ಒಬ್ಬ ಸ್ಲಿಪ್ ಫೀಲ್ಡರ್‌ಗೆ 40 ಅವಕಾಶ ಬಂದವು, ಪ್ರತಿಯೊಂದೂ ನಾಲ್ಕರಲ್ಲಿ ಮೂರು ಸಲ ಹಿಡಿಯುವಂಥದ್ದು ಎಂದುಕೊಳ್ಳಿ. ನಿರೀಕ್ಷೆ 30. ಅವನು ಸರಾಸರಿ ಫೀಲ್ಡರ್ ಆಗಿದ್ದರೂ ಬರೀ ಅದೃಷ್ಟದ ಏರಿಳಿತದಿಂದ 27ರಿಂದ 33ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಕೆಲವೊಮ್ಮೆ ಅದರಾಚೆಗೂ. ಮೂರು ಕ್ಯಾಚ್ ಎಂದರೆ ಟೆಸ್ಟ್ ಬೆಲೆಯಲ್ಲಿ 90 ರನ್. ಒಬ್ಬ 60 ರನ್ ಉಳಿಸಿದ, ಇನ್ನೊಬ್ಬ 40 ರನ್ ಕಳೆದ ಎಂದು ಪಟ್ಟಿ ಹೇಳಿದರೆ ಇಬ್ಬರೂ ಒಂದೇ ಮಟ್ಟದವರಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ವಲಯ ಮಟ್ಟದ ಹುಡುಗನಿಗೆ ಒಂದು ಋತುವಿನಲ್ಲಿ 40 ಅವಕಾಶವೂ ಬರುವುದಿಲ್ಲ.

ಕ್ಯಾಮೆರಾ ಎಷ್ಟೇ ಇದ್ದರೂ ಕಾಣದ ಸಂಗತಿಗಳೂ ಇವೆ. 2022ರ ನವೆಂಬರ್ 2ರಂದು ಅಡಿಲೇಡ್‌ನಲ್ಲಿ ಟಿ20 ವಿಶ್ವಕಪ್‌ನ ಭಾರತ–ಬಾಂಗ್ಲಾದೇಶ ಪಂದ್ಯ. ಮಳೆ ಬಂದು ಆಟ ನಿಂತಾಗ ಬಾಂಗ್ಲಾ ಏಳು ಓವರಿಗೆ ವಿಕೆಟ್ ನಷ್ಟವಿಲ್ಲದೆ 66, ಲಿಟನ್ ದಾಸ್ ಅಬ್ಬರದಲ್ಲಿದ್ದರು. ಆಟ ಮತ್ತೆ ಶುರುವಾದಾಗ ಗುರಿ 16 ಓವರಿಗೆ 151. ಎರಡನೇ ರನ್ನಿಗೆ ಓಡಿದ ಲಿಟನ್ ಒದ್ದೆ ನೆಲದಲ್ಲಿ ಜಾರಿದರು; ಡೀಪ್ ಮಿಡ್‌ವಿಕೆಟ್‌ನಿಂದ ಕೆ.ಎಲ್. ರಾಹುಲ್ ಎಸೆದ ಚೆಂಡು ನೇರ ವಿಕೆಟ್‌ಗೆ ಬಡಿಯಿತು. ಭಾರತ ಗೆದ್ದದ್ದು ಐದೇ ರನ್ನಿನಿಂದ. ಆ ಸಂಜೆ ಬೌಂಡರಿ ಗೆರೆಯ ಸುತ್ತ ಬ್ರಶ್ ಹಿಡಿದು ಓಡಾಡುತ್ತ ಭಾರತದ ಆಟಗಾರರ ಶೂ ಅಡಿಯ ಕೆಸರು ತೆಗೆಯುತ್ತಿದ್ದವರು ತಂಡದ ಥ್ರೋಡೌನ್ ತಜ್ಞ ರಾಘವೇಂದ್ರ, ನಮ್ಮದೇ ಜಿಲ್ಲೆಯ ಕುಮಟಾದವರು. ಎಸೆದ ದೂರವೂ ಹೊತ್ತೂ ಕ್ಯಾಮೆರಾಕ್ಕೆ ಸಿಗುತ್ತದೆ. ಓಟಗಾರನ ಕಾಲು ಜಾರಿದ್ದರಲ್ಲಿ ನೆಲದ ಪಾಲೆಷ್ಟು, ಫೀಲ್ಡರ್‌ನ ಕಾಲು ಜಾರದೆ ನಿಂತದ್ದರಲ್ಲಿ ಆ ಬ್ರಶ್‌ನ ಪಾಲೆಷ್ಟು ಎಂದು ಯಾವ ಲೆಕ್ಕವೂ ಬೇರ್ಪಡಿಸಲಾರದು. ನಮ್ಮ ಗದ್ದೆಗಳಲ್ಲಿ ಸಂಜೆ ನಾಲ್ಕೂವರೆಯ ಬಿಸಿಲು ತೋಟದ ತಲೆಯ ಮೇಲಿಂದ ನೇರ ಕಣ್ಣಿಗೆ ಹೊಡೆಯುವಾಗ ಪಡುವಣಕ್ಕೆ ಮುಖಮಾಡಿ ನಿಂತ ಫೀಲ್ಡರ್‌ನ ಕಥೆಯೂ ಹೀಗೆಯೇ. ಅಂಥ ಚೆಂಡನ್ನು ಬಿಟ್ಟವನಿಗೆ ಮೋಡದ ದಿನದ ತೂಕ ಹಾಕಬಾರದು.

ಹಾಗಾದರೆ ಕ್ಯಾಮೆರಾ ಬರುವವರೆಗೆ ಕೈಕಟ್ಟಿ ಕೂರಬೇಕೇ? ಬೇಡ. ಎತ್ತಿದ ಚೆಂಡುಗಳ ಮಟ್ಟಿಗೆ ಬೇಕಾದ ಮಾಹಿತಿಯನ್ನು ನಂದೊಳ್ಳಿಯ ಗದ್ದೆಯಲ್ಲೂ ಬರೆದಿಡಬಹುದು. ಸಾಮಾನ್ಯ ಮೊಬೈಲ್ ವಿಡಿಯೊದಲ್ಲಿ ಸೆಕೆಂಡಿಗೆ 30 ಚಿತ್ರಗಳಿರುತ್ತವೆ. ಬ್ಯಾಟು ತಾಗಿದ ಚಿತ್ರದಿಂದ ನೆಲ ತಾಗಿದ ಚಿತ್ರದವರೆಗೆ ಎಣಿಸಿದರೆ 108 ಬಂತು ಎನ್ನಿ, ಅದು 3.6 ಸೆಕೆಂಡು. ಎಣಿಕೆಯಲ್ಲಿ ಒಂದು ಚಿತ್ರ ಹೆಚ್ಚುಕಡಿಮೆಯಾದರೂ ಲೆಕ್ಕ ಕೆಡದು. ಫೀಲ್ಡರ್ ಎಲ್ಲಿಂದ ಓಡಿದ ಎಂಬುದನ್ನು ಓವರ್ ಮುಗಿದ ಮೇಲೆ ಹೆಜ್ಜೆ ಹಾಕಿ ಅಳೆಯಬಹುದು. ಒಂದು ಮೀಟರ್ ತಪ್ಪಿದರೂ ಬೇಕಾದ ವೇಗದಲ್ಲಿ ಸೆಕೆಂಡಿಗೆ 0.3 ಮೀಟರ್ ವ್ಯತ್ಯಾಸ ಮಾತ್ರ. ಸ್ಲಿಪ್ ಕ್ಯಾಚಿಗೆ ಮಾತ್ರ ಈ ಉಪಾಯ ನಡೆಯದು. ಅಲ್ಲಿ ಒಟ್ಟು ಕಾಲವೇ ಅರ್ಧ ಸೆಕೆಂಡು, ಹದಿನೈದು ಚಿತ್ರ. ಒಂದು ತಪ್ಪಿದರೂ ನೂರಕ್ಕೆ ಏಳರಷ್ಟು ವ್ಯತ್ಯಾಸ. ಸ್ಲಿಪ್‌ನವರನ್ನು ಸದ್ಯಕ್ಕೆ ಕಣ್ಣಿನಿಂದಲೇ ಅಳೆಯುವುದು ಪ್ರಾಮಾಣಿಕ.

ರಾಜ್ಯ ಕ್ರಿಕೆಟ್ ಸಂಸ್ಥೆಯನ್ನೂ ವಲಯದ ಸಂಘಟಕರನ್ನೂ ನಾವು ಕೇಳುವುದು ಇಷ್ಟು. ಮುಂದಿನ ಋತುವಿನ ಲೀಗ್ ಶುರುವಾಗುವ ಮೊದಲೇ ಸ್ಕೋರರ್‌ನ ಪುಸ್ತಕಕ್ಕೆ ಒಂದು ಹಾಳೆ ಸೇರಿಸಿ. ಗಾಳಿಯಲ್ಲಿ ಎದ್ದ ಪ್ರತಿ ಚೆಂಡಿಗೂ ಒಂದು ಸಾಲು: ಎಷ್ಟು ಹೊತ್ತು ಇತ್ತು, ಹತ್ತಿರದ ಫೀಲ್ಡರ್ ಯಾರು, ಎಷ್ಟು ದೂರ, ಯಾವ ದಿಕ್ಕಿಗೆ ಓಡಬೇಕಿತ್ತು, ನೆಲ ಒದ್ದೆಯೋ ಒಣಗಿತ್ತೋ, ಬಿಸಿಲು ಎದುರಿತ್ತೋ. ಕೈಗೆ ತಾಗದ ಚೆಂಡಿಗೂ ಸಾಲು ಇರಲೇಬೇಕು. ದೂರವನ್ನೂ ಕಾಲವನ್ನೂ ಬರೆಯುವವನು ಒಬ್ಬ, ಹಿಡಿದನೋ ಬಿಟ್ಟನೋ ಎಂದು ಬರೆಯುವವನು ಇನ್ನೊಬ್ಬ ಆಗಿರಲಿ. ಆಗ ಫಲಿತಾಂಶ ನೋಡಿ ಕಷ್ಟವನ್ನು ತಿದ್ದುವ ದಾರಿ ಮುಚ್ಚುತ್ತದೆ. ವರ್ಷದ ಕೊನೆಗೆ ಪಟ್ಟಿಯನ್ನು ಹೀಗೆ ಒರೆಗೆ ಹಚ್ಚಬಹುದು: ನೂರಕ್ಕೆ ಮೂವತ್ತು ಸಲ ಸಿಗುವಂಥದ್ದು ಎಂದು ಗುರುತಿಸಿದ ಚೆಂಡುಗಳಲ್ಲಿ ನಿಜಕ್ಕೂ ಸುಮಾರು ಮೂವತ್ತು ಕ್ಯಾಚ್ ಆಗಿವೆಯೇ? ಅರವತ್ತು ಆಗಿದ್ದರೆ ತೂಕ ತಪ್ಪಿದೆ, ಆ ತೂಕದ ಮೇಲೆ ಕಟ್ಟಿದ ರನ್ನೂ ತಪ್ಪು. ಲೆಕ್ಕವನ್ನು ಆಟಗಾರರಿಗೆ ತೋರಿಸುವಾಗ ‘12 ರನ್ ಉಳಿಸಿದ’ ಎನ್ನದೆ, ಎಷ್ಟು ಚೆಂಡಿನ ಮೇಲೆ ಈ ಅಂಕಿ ನಿಂತಿದೆ, ಅದೃಷ್ಟದಿಂದ ಎತ್ತ ಎಷ್ಟು ಅಲುಗಬಹುದು ಎಂದೂ ಬರೆಯಬೇಕು. ಇಂಥ ಎರಡು ಋತುಗಳ ಹಾಳೆ ಕೈಸೇರುವವರೆಗೆ, ಉಳಿಸಿದ ರನ್ನಿನ ಅಂಕಿಯನ್ನು ಮುಂದಿಟ್ಟು ಯಾವ ಹುಡುಗನನ್ನೂ ಆಯ್ಕೆಯಿಂದ ಕೈಬಿಡಬಾರದು.